ತಲೆಬರಹ ಓದಿದರೆ ಸುದ್ದಿ ಸಿಗಬೇಕು

ಕರ್ನಾಟಕದ ಸಹಕಾರ ಸಂಘಗಳು ಪ್ರತಿವರ್ಷ ಸೆಪ್ಟೆಂಬರ್ 25ರೊಳಗೆ ಸರ್ವಸದಸ್ಯರ ಸಭೆ ನಡೆಸಬೇಕು. ಆ ಹೊತ್ತಿಗೆ ಸದಸ್ಯರ ಕೈಗೆ ವಾರ್ಷಿಕ ವರದಿ ಬರುತ್ತದೆ. ಮೂವತ್ತು ನಲವತ್ತು ಪುಟದ ಪುಸ್ತಕ. ಮೊದಲು ಅಧ್ಯಕ್ಷರ ಫೋಟೊ, ಆಮೇಲೆ ನಿರ್ದೇಶಕರದ್ದು, ಅದಾದ ಮೇಲೆ ಸ್ವಾಗತ ನುಡಿ. ಬಹುಪಾಲು ಸದಸ್ಯರು ಡಿವಿಡೆಂಡ್ ಎಷ್ಟೆಂದು ಹುಡುಕಿ, ಸಿಕ್ಕರೆ ನೋಡಿ, ಪುಸ್ತಕ ಮಡಚಿಡುತ್ತಾರೆ. ಜನರಿಗೆ ಓದುವ ಅಭ್ಯಾಸವೇ ಇಲ್ಲ ಎಂದು ಕಾರ್ಯದರ್ಶಿಗಳು ಗೊಣಗುವುದುಂಟು. ಆದರೆ ಅಷ್ಟು ಉದ್ದದ ವರದಿಯನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ, ಎಲ್ಲರೂ ಕಣ್ಣಾಡಿಸುತ್ತಾರೆ. ಹಾಗೆ ಕಣ್ಣಾಡಿಸುವವರಿಗೆಂದೇ ವರದಿಯನ್ನು ಕಟ್ಟಬೇಕು.

ಕಣ್ಣು ಪುಟದ ಮೇಲೆ ಹೇಗೆ ಓಡುತ್ತದೆ ಎನ್ನುವುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ನೀಲ್ಸನ್ ನಾರ್ಮನ್ ಗ್ರೂಪ್ 2006ರಲ್ಲಿ 232 ಮಂದಿ ಪರದೆಯ ಮೇಲೆ ಓದುವಾಗ ಅವರ ನೋಟದ ಜಾಡು ಹಿಡಿಯಿತು. ಮೇಲಿನ ಒಂದೆರಡು ಸಾಲುಗಳನ್ನು ಕಣ್ಣು ಅಡ್ಡಲಾಗಿ ಓದುತ್ತದೆ, ಆಮೇಲೆ ಎಡ ಅಂಚು ಹಿಡಿದು ಕೆಳಗಿಳಿಯುತ್ತದೆ. ತಲೆಬರಹಗಳು ಚೆನ್ನಾಗಿದ್ದರೆ ಮಾತ್ರ ಓದುಗ ಒಂದರಿಂದ ಇನ್ನೊಂದಕ್ಕೆ ಹಾರುತ್ತ, ಬೇಕಾದ ಕಡೆ ನಿಂತು ಓದುತ್ತಾನೆ. ಅಂದರೆ ತಲೆಬರಹದ ಮೊದಲ ಎರಡು ಮೂರು ಪದಗಳ ಮೇಲೆ ಭಾರವೆಲ್ಲ ಬೀಳುತ್ತದೆ.

ಒಂದು ಪತ್ತಿನ ಸಹಕಾರ ಸಂಘದ ವರದಿ ನಮ್ಮ ಮುಂದಿದೆ ಎಂದಿಟ್ಟುಕೊಳ್ಳೋಣ. ಹನ್ನೊಂದನೆಯ ಪುಟದ ತಲೆಬರಹ ‘ಸಾಲ ವಿಭಾಗ’. ಅದರ ಕೆಳಗೆ ‘ಸದಸ್ಯರ ಆರ್ಥಿಕ ಅಭಿವೃದ್ಧಿಯನ್ನು ಗಮನದಲ್ಲಿಟ್ಟುಕೊಂಡು ಪ್ರಸಕ್ತ ಸಾಲಿನಲ್ಲಿ ವಿವಿಧ ಬಗೆಯ ಸಾಲಗಳನ್ನು ವಿತರಿಸಿದ್ದು’ ಎಂದು ಶುರುವಾಗುವ ಒಂದೂವರೆ ಪುಟ. ಚಿನ್ನದ ಸಾಲ, ವಾಹನ ಸಾಲ, ಜಾಮೀನು ಸಾಲ ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಅಸಲು ವಿಷಯ: 6 ಕೋಟಿ ಹೊರಬಾಕಿಯಲ್ಲಿ 42 ಲಕ್ಷ ಸುಸ್ತಿಯಾಗಿದೆ, ಅಂದರೆ ಶೇ. 7. ಹಿಂದಿನ ವರ್ಷ ಅದು ಶೇ. 5 ಇತ್ತು. ಸಭೆಯಲ್ಲಿ ಚರ್ಚೆಯಾಗಬೇಕಾದ ಮಾತು ಇದೊಂದೇ, ಕಣ್ಣಿಗೆ ಬೀಳದಂತೆ ಕೂತಿರುವುದೂ ಇದೇ.

‘ಸಾಲ ವಿಭಾಗ’ ಎಂಬುದು ಕಪಾಟಿನ ಮೇಲಿನ ಚೀಟಿ, ಒಳಗೇನಿದೆ ಎಂದು ತಿಳಿಯಲು ಬಾಗಿಲು ತೆಗೆಯಲೇಬೇಕು. ಅದರ ಬದಲು ‘ಹಿಂದಿನ ವರ್ಷಕ್ಕೆ ಹೋಲಿಸಿದರೆ ಸಂಘದ ಸುಸ್ತಿ ಸಾಲ ಹೆಚ್ಚಾಗಿದೆ’ ಎಂದು ಬರೆಯಬಹುದು. ಸುದ್ದಿ ಬಂತು, ಆದರೆ ತಡವಾಗಿ ಬಂತು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಪೀಠಿಕೆಯ ಮಾತುಗಳೆಲ್ಲ ಎಡಕ್ಕೆ ಸೇರಿಕೊಳ್ಳುತ್ತವೆ, ಕಣ್ಣು ಓಡುವುದೂ ಎಡ ಅಂಚಿನಲ್ಲೇ. ಹಾಗಾಗಿ ನಾಮಪದವನ್ನು ಮುಂದಕ್ಕೆ ಎಳೆದು, ಹೋಲಿಕೆಯನ್ನು ಅಂಕಿಗೆ ಬಿಟ್ಟುಬಿಡಬೇಕು: ‘ಸುಸ್ತಿ ಸಾಲ ಶೇ. 5ರಿಂದ 7ಕ್ಕೆ ಏರಿದೆ’. ಇದನ್ನು ಓದಿದವನು ‘ಯಾಕೆ?’ ಎಂದು ಕೇಳಿಕೊಂಡು ಕೆಳಗಿನ ಪ್ಯಾರಾಕ್ಕೆ ಇಳಿದೇ ಇಳಿಯುತ್ತಾನೆ. ಹಾಗಾಗಿ ಪ್ಯಾರಾದ ಮೊದಲ ವಾಕ್ಯವೇ ಕಾರಣ ಹೇಳಬೇಕು. ಸಾಲದ ಬಗೆಗಳ ವಿವರ ಅದರ ಹಿಂದೆ ಬರಲಿ.

ಎಲ್ಲ ತಲೆಬರಹವನ್ನೂ ಹೀಗೆ ತಿದ್ದಲಾಗದು. ಜಮಾ ಖರ್ಚು, ಲಾಭ ನಷ್ಟ ಪತ್ರಿಕೆ, ಆಸ್ತಿ ಜವಾಬ್ದಾರಿ ತಖ್ತೆಗಳು ನಿಗದಿತ ನಮೂನೆಯ ಹೆಸರಿನಲ್ಲೇ ಇರಬೇಕು. ಇನ್ನೊಂದು ಅಪಾಯವೂ ಇದೆ. ಅದೇ ಪ್ಯಾರಾದ ಮೇಲೆ ‘ಸಾಲ ವಿತರಣೆಯಲ್ಲಿ ದಾಖಲೆ ಸಾಧನೆ’ ಎಂದು ಬರೆದರೆ ಅದು ಸುಳ್ಳಾಗದಿರಬಹುದು, ಆದರೆ ಕಣ್ಣಾಡಿಸುವವನಿಗೆ ಸುಸ್ತಿಯ ಸುಳಿವೇ ಸಿಗುವುದಿಲ್ಲ. ತಲೆಬರಹ ಮಾತ್ರ ಓದುವವರೇ ಹೆಚ್ಚಿರುವಾಗ ಇದನ್ನು ಮೋಸ ಎನ್ನಲು ನನಗೆ ಹಿಂಜರಿಕೆಯಿಲ್ಲ.

ಸಾರಾಂಶದ ಕಥೆಯೂ ಹೆಚ್ಚುಕಡಿಮೆ ಇದೇ. ‘ಈ ವರದಿಯಲ್ಲಿ ಸಂಘದ ಚಟುವಟಿಕೆ, ಹಣಕಾಸು ಸ್ಥಿತಿ ಮತ್ತು ಮುಂದಿನ ಯೋಜನೆಗಳನ್ನು ವಿವರಿಸಲಾಗಿದೆ’ ಎಂದು ಬರೆದರೆ ಅದು ಪರಿವಿಡಿಯನ್ನೇ ವಾಕ್ಯ ಮಾಡಿದಂತೆ. ಸಾರಾಂಶ ಓದಿದ ಸದಸ್ಯನಿಗೆ ಸಭೆಯಲ್ಲಿ ಕೈ ಎತ್ತಬೇಕೋ ಬೇಡವೋ ಎಂಬುದು ಗೊತ್ತಾಗಬೇಕು. ಆದ್ದರಿಂದ ಸದಸ್ಯರ ಒಪ್ಪಿಗೆ ಬೇಕಾದ ವಿಷಯ ಮೊದಲು: ಹೊಸ ಕಟ್ಟಡಕ್ಕೆ ನಿವೇಶನ ಕೊಳ್ಳುವುದೋ, ಡಿವಿಡೆಂಡ್ ಪ್ರಮಾಣವೋ. ಆಮೇಲೆ ಲಾಭ, ಠೇವಣಿ, ಸುಸ್ತಿ, ಪ್ರತಿಯೊಂದರ ಪಕ್ಕ ಹಿಂದಿನ ವರ್ಷದ ಅಂಕಿ ಮತ್ತು ವಿವರ ಇರುವ ಪುಟದ ಸಂಖ್ಯೆ. ಅರ್ಧ ಪುಟ ಸಾಕು. ಬರೆಯುವುದು ಕೊನೆಗೆ, ಅಚ್ಚಾಗುವುದು ಮೊದಲ ಪುಟದಲ್ಲಿ, ಫೋಟೊಗಳಿಗಿಂತಲೂ ಮುಂಚೆ. ನಿರ್ದೇಶಕರು ಇದಕ್ಕೆ ಒಪ್ಪುತ್ತಾರೋ ಇಲ್ಲವೋ, ಅದು ಬೇರೆ ಮಾತು!

ಉದ್ದನೆಯ ಪಟ್ಟಿಗಳೆಲ್ಲ ಅನುಬಂಧಕ್ಕೆ ಹೋಗಲಿ. ಇದು ಹೊಸ ಉಪಾಯವೇನಲ್ಲ. 1940ರ ಆಗಸ್ಟ್‌ನಲ್ಲಿ, ಯುದ್ಧದ ನಡುವೆ, ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ತಮ್ಮ ಅಧಿಕಾರಿಗಳಿಗೆ ಒಂದು ಟಿಪ್ಪಣಿ ಕಳಿಸಿದ್ದರು. ಮುಖ್ಯ ಅಂಶಗಳು ಚಿಕ್ಕ ಪ್ಯಾರಾಗಳಲ್ಲಿರಲಿ, ವಿವರವಾದ ವಿಶ್ಲೇಷಣೆ ಮತ್ತು ಅಂಕಿಅಂಶ ಅನುಬಂಧದಲ್ಲಿರಲಿ ಎಂಬುದು ಅದರ ತಿರುಳು.

ಇನ್ನು ಪುಟವಿನ್ಯಾಸ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ, ಆದ್ದರಿಂದ ತಲೆಬರಹ ಎದ್ದು ಕಾಣಲು ಅಕ್ಷರದ ಗಾತ್ರ, ದಪ್ಪ ಮತ್ತು ಸುತ್ತಲಿನ ಖಾಲಿ ಜಾಗವೇ ಗತಿ. ಅಡಿಗೆರೆ ಎಳೆಯುವುದು ನಮ್ಮಲ್ಲಿ ಬಲು ರೂಢಿ. ‘ಉತ್ಪನ್ನ’, ‘ಸುಸ್ತಿ’ ಎಂಬಂಥ ಪದಗಳಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗೆರೆ ಅದರ ಮೇಲೇ ಹಾದುಹೋಗಿ ಒತ್ತು ಯಾವುದು, ಗೆರೆ ಯಾವುದು ಎಂದು ಕಣ್ಣು ತಡವರಿಸುತ್ತದೆ. ಅಡಿಗೆರೆ ಬಿಟ್ಟು ದಪ್ಪಕ್ಷರ ಬಳಸಿ. ಸಾಲುಗಳ ನಡುವೆಯೂ ಒತ್ತಕ್ಷರಕ್ಕೆ ಜಾಗ ಬೇಕು, ಇಂಗ್ಲಿಷಿಗೆ ಸಾಲುವ ಅಂತರ ಕನ್ನಡಕ್ಕೆ ಸಾಲದು. ಒಂದೂವರೆಯ ಆಸುಪಾಸಿನಲ್ಲಿಟ್ಟು ನೋಡಿ. ತಲೆಬರಹದ ಮೇಲಿನ ಜಾಗ ಕೆಳಗಿನದಕ್ಕಿಂತ ದುಪ್ಪಟ್ಟಿರಲಿ, ಆಗ ಅದು ತನ್ನ ಪ್ಯಾರಾಕ್ಕೆ ಅಂಟಿಕೊಂಡು ಕಾಣುತ್ತದೆ. ನಮ್ಮ ಪದಗಳು ಉದ್ದ. ಕಿರಿದಾದ ಕಾಲಂನಲ್ಲಿ ಎರಡೂ ಅಂಚನ್ನು ಸಮ ಮಾಡಲು ಹೊರಟರೆ ಪದಗಳ ನಡುವೆ ದೊಡ್ಡ ಕಂದಕಗಳಾಗುತ್ತವೆ, ಬಲ ಅಂಚು ಏರುಪೇರಾಗಿದ್ದರೇ ವಾಸಿ.

ವರ್ಡ್‌ನಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ಅಕ್ಷರ ದಪ್ಪ ಮಾಡಿದ ಮಾತ್ರಕ್ಕೆ ಅದು ತಲೆಬರಹ ಎಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ. `Heading 1`, `Heading 2` ಎಂಬ ಸ್ಟೈಲ್‌ಗಳನ್ನು ಕೊಡಬೇಕು. ಹಾಗೆ ಕೊಟ್ಟರೆ ಪುಟಸಂಖ್ಯೆ ಸಮೇತ ಪರಿವಿಡಿ ತಾನೇ ತಯಾರಾಗುತ್ತದೆ, ಮುಂದೆ ಪುಟ ಹೆಚ್ಚುಕಡಿಮೆಯಾದಾಗ ಒಮ್ಮೆ ಅಪ್‌ಡೇಟ್ ಕೊಟ್ಟರಾಯಿತು. ಕಣ್ಣು ಕಾಣದ ಸದಸ್ಯರು ಪರದೆ ಓದುವ ತಂತ್ರಾಂಶದಲ್ಲಿ ಒಂದು ತಲೆಬರಹದಿಂದ ಇನ್ನೊಂದಕ್ಕೆ ಜಿಗಿಯುವುದೂ ಈ ಸ್ಟೈಲ್‌ಗಳ ಆಧಾರದಲ್ಲೇ. ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಸಿದ್ಧವಾದ ವರದಿಯಾದರೆ ‘ಸುಸ್ತಿ’ ಎಂದು ಯೂನಿಕೋಡ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.

ವರದಿ ಮುದ್ರಣಕ್ಕೆ ಹೋಗುವ ಮುಂಚೆ ಕಾರ್ಯದರ್ಶಿಗಳು ಒಂದು ಕೆಲಸ ಮಾಡಲಿ. ಆಡಳಿತ ಮಂಡಳಿಗೆ ಸೇರದ ಒಬ್ಬ ಸದಸ್ಯರನ್ನು ಕೂರಿಸಿಕೊಂಡು ಕರಡನ್ನು ಕೈಗೆ ಕೊಟ್ಟು ‘ಡಿವಿಡೆಂಡ್ ಎಷ್ಟು? ಸುಸ್ತಿ ಯಾಕೆ ಏರಿತು? ಯಾವುದಕ್ಕೆ ನಿಮ್ಮ ಒಪ್ಪಿಗೆ ಕೇಳುತ್ತಿದ್ದೇವೆ?’ ಎಂದು ಕೇಳಲಿ. ಉತ್ತರ ಹುಡುಕಲು ಅವರು ಎಲ್ಲಿ ಪುಟ ಹಿಂದೆಮುಂದೆ ತಿರುವುತ್ತಾರೋ ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು, ಆ ಪುಟದ ತಲೆಬರಹವನ್ನು ತಿದ್ದಿ ಆಮೇಲೆ ಪ್ರೆಸ್ಸಿಗೆ ಕಳಿಸಲಿ.