ಎರಡು ಪಟ್ಟು ಕ್ಷೇತ್ರ, ನಾಲ್ಕು ಪಟ್ಟು ಶಕ್ತಿ

ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಟ್ಯಾಂಕರ್ ನೀರು, ಪಾರ್ಕಿಂಗ್ ಜಗಳ ಎರಡೂ ಮುಗಿದ ಮೇಲೆ ಎದುರುಗಡೆ ಕಟ್ಟಡದ ಮೊಬೈಲ್ ಟವರ್ ಮಾತು ಬಂದೇ ಬರುತ್ತದೆ. ಯಾರಾದರೊಬ್ಬರು ಆನ್‌ಲೈನಿನಲ್ಲಿ ತರಿಸಿದ ಅಂಗೈಯಗಲದ ಮೀಟರ್ ಹಿಡಿದು ಬಂದಿರುತ್ತಾರೆ. ಅದು ಬಾಲ್ಕನಿಯಲ್ಲಿ ಮೀಟರಿಗೆ 2 ವೋಲ್ಟ್ ತೋರಿಸಿತು, ತಾರಸಿಯಲ್ಲಿ 4 ತೋರಿಸಿತು ಎಂದಿಟ್ಟುಕೊಳ್ಳಿ. ‘ಹಾಗಾದರೆ ಮೇಲಿನ ಮಹಡಿಯವರಿಗೆ ರೇಡಿಯೇಷನ್ ಡಬಲ್’ ಎಂದು ತೀರ್ಮಾನವಾಗುತ್ತದೆ. ಅಲ್ಲ, ಅದು ನಾಲ್ಕು ಪಟ್ಟು. ಆದರೂ ಮೇಲಿನ ಮಹಡಿಯವರು ಗಾಬರಿಯಾಗಬೇಕಿಲ್ಲ. ಈ ಎರಡೂ ಮಾತು ನಿಜವಾಗಿರುವುದು ಒಂದೇ ಕಾರಣಕ್ಕೆ: ಮೀಟರ್ ಅಳೆಯುವುದು ವಿದ್ಯುತ್ ಕ್ಷೇತ್ರವನ್ನು, ನಮಗೆ ಬೇಕಿರುವುದು ಶಕ್ತಿಯ ಹರಿವು.

ಟವರಿನಿಂದ ಹೊರಟ ತರಂಗದಲ್ಲಿ ಎರಡು ಕ್ಷೇತ್ರಗಳು ಜೊತೆಜೊತೆಯಾಗಿ ತುಯ್ಯುತ್ತಿರುತ್ತವೆ. ತರಂಗ ಪೂರ್ವಕ್ಕೆ ಸಾಗುತ್ತಿದೆ, ಅದರ ವಿದ್ಯುತ್ ಕ್ಷೇತ್ರ E ಈ ಕ್ಷಣ ಮೇಲ್ಮುಖವಾಗಿದೆ ಎನ್ನೋಣ. ಆಗ ಕಾಂತಕ್ಷೇತ್ರ B ದಕ್ಷಿಣಕ್ಕಿರುತ್ತದೆ. ಬಲಗೈ ಬೆರಳುಗಳನ್ನು ಮೇಲ್ಮುಖವಾಗಿ ಚಾಚಿ, ದಕ್ಷಿಣದ ಕಡೆಗೆ ಮಡಚಿ ನೋಡಿ. ಹೆಬ್ಬೆರಳು ಪೂರ್ವ ತೋರಿಸುತ್ತದೆ. ಶಕ್ತಿ ಹರಿಯುವುದು ಆ ದಿಕ್ಕಿಗೆ. ಅರ್ಧ ಆವರ್ತ ಕಳೆಯುವಷ್ಟರಲ್ಲಿ E ಕೆಳಮುಖವಾಗುತ್ತದೆ, B ಉತ್ತರಕ್ಕೆ ತಿರುಗುತ್ತದೆ. ಮತ್ತೆ ಬೆರಳು ಮಡಚಿದರೆ ಹೆಬ್ಬೆರಳು ಈಗಲೂ ಪೂರ್ವಕ್ಕೇ! ಎರಡೂ ಒಟ್ಟಿಗೆ ತಿರುಗುವುದರಿಂದ ಗುಣಲಬ್ಧದ ದಿಕ್ಕು ಬದಲಾಗುವುದಿಲ್ಲ. ಕ್ಷೇತ್ರಗಳು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಹಿಂದುಮುಂದಾದರೂ ಶಕ್ತಿ ಮಾತ್ರ ಮುಂದಕ್ಕೇ ಸಾಗುವ ಗುಟ್ಟು ಇಷ್ಟೇ.

ಈ ಗುಣಲಬ್ಧವನ್ನು 1884ರಲ್ಲಿ ಮುಂದಿಟ್ಟವರು ಬರ್ಮಿಂಗ್‌ಹ್ಯಾಮ್‌ನ ಜಾನ್ ಹೆನ್ರಿ ಪಾಯಿಂಟಿಂಗ್. ಹೆಚ್ಚುಕಡಿಮೆ ಅದೇ ಹೊತ್ತಿಗೆ ಆಲಿವರ್ ಹೆವಿಸೈಡ್ ಕೂಡ ತಮ್ಮ ದಾರಿಯಲ್ಲೇ ಅಲ್ಲಿಗೆ ತಲುಪಿದ್ದರು. ಹೆಸರು ಉಳಿದದ್ದು ಪಾಯಿಂಟಿಂಗ್ ಅವರದು. ಅವರ ಸದಿಶ ಹೀಗಿದೆ:

S = (E × B) / μ₀

ಹರಿವಿಗೆ ಅಡ್ಡಲಾಗಿ ಒಂದು ಚದರ ಮೀಟರಿನ ಚೌಕಟ್ಟು ಹಿಡಿದರೆ ಅದರೊಳಗಿಂದ ಸೆಕೆಂಡಿಗೆ ಎಷ್ಟು ಜೂಲ್ ಶಕ್ತಿ ದಾಟುತ್ತದೆ, ಯಾವ ಕಡೆಗೆ ದಾಟುತ್ತದೆ ಎರಡನ್ನೂ S ಹೇಳುತ್ತದೆ. ಮಾನ, ಚದರ ಮೀಟರಿಗೆ ಇಷ್ಟು ವಾಟ್.

ಸೂತ್ರದಲ್ಲಿ B ಇದ್ದರೂ ಅದನ್ನು ಬೇರೆಯಾಗಿ ಅಳೆಯಬೇಕಿಲ್ಲ. ಆಂಟೆನಾದಿಂದ ಸಾಕಷ್ಟು ದೂರ ಬಂದ ತರಂಗದಲ್ಲಿ B ಎಂದರೆ E ಅನ್ನು ಬೆಳಕಿನ ವೇಗದಿಂದ ಭಾಗಿಸಿದಷ್ಟು, ಅಷ್ಟೇ. ಹಾಗಾಗಿ ಗುಣಲಬ್ಧದಲ್ಲಿ E ಎರಡು ಸಲ ಬಂದು ಕೂರುತ್ತದೆ: ಒಮ್ಮೆ ತನ್ನ ಪರವಾಗಿ, ಇನ್ನೊಮ್ಮೆ B ಪರವಾಗಿ. ವರ್ಗ ಹುಟ್ಟುವುದು ಇಲ್ಲಿಂದ. ಇನ್ನು E ಸದಾ ತನ್ನ ತುದಿಬೆಲೆಯಲ್ಲೇ ಇರುವುದಿಲ್ಲ, ಸೊನ್ನೆಗೂ ಇಳಿಯುತ್ತದೆ. S ಕೂಡ ಅದರೊಂದಿಗೆ ಏರಿಳಿಯುತ್ತದೆ. ಇಡೀ ಆವರ್ತಕ್ಕೆ ಸರಾಸರಿ ತೆಗೆದರೆ S ತನ್ನ ಗರಿಷ್ಠದ ಸರಿಯಾಗಿ ಅರ್ಧ. ಆ ಸರಾಸರಿಯೇ ತೀವ್ರತೆ:

I = E₀² / (2 × 377)

E₀ ಎಂದರೆ ಪಾರ, ಕ್ಷೇತ್ರ ಮುಟ್ಟುವ ತುದಿಬೆಲೆ. 377 ಓಮ್ ಬರಿಯ ಆಕಾಶದ ಪ್ರತಿಬಾಧೆ. ಇಲ್ಲೊಂದು ಮೋಸವಿದೆ. ಮಾರುಕಟ್ಟೆಯ ಮೀಟರ್‌ಗಳು ಸಾಮಾನ್ಯವಾಗಿ ಪಾರವನ್ನು ತೋರಿಸುವುದಿಲ್ಲ, ಅದನ್ನು 1.414ರಿಂದ ಭಾಗಿಸಿ ಬರುವ ಆರ್‌ಎಂಎಸ್ ಬೆಲೆಯನ್ನು ತೋರಿಸುತ್ತವೆ. ಅದನ್ನು ಬಳಸುವಾಗ ಛೇದದಲ್ಲಿ 2 ಇರಕೂಡದು. ಆರ್‌ಎಂಎಸ್ ವರ್ಗವನ್ನು ನೇರವಾಗಿ 377ರಿಂದ ಭಾಗಿಸಬೇಕು. ಪರೀಕ್ಷೆಯಲ್ಲೂ ಫೀಲ್ಡಿನಲ್ಲೂ ಉತ್ತರ ಅರ್ಧವಾಗಿಯೋ ದುಪ್ಪಟ್ಟಾಗಿಯೋ ಬಂದರೆ ಮೊದಲು ಅನುಮಾನಿಸಬೇಕಾದ್ದು ಈ ಎರಡನ್ನೇ.

ಈಗ ಟವರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಟ್ರಾನ್ಸ್‌ಮೀಟರ್ ಆಂಟೆನಾಕ್ಕೆ 20 ವಾಟ್ ಕೊಡುತ್ತದೆ. ಆಂಟೆನಾ ಅದನ್ನು ಒಂದೇ ದಿಕ್ಕಿಗೆ 50 ಪಟ್ಟು ಒತ್ತಾಗಿ ಬೀರುತ್ತದೆ ಎನ್ನೋಣ. ಆ ದಿಕ್ಕಿನಲ್ಲಿ ನಿಂತವರ ಪಾಲಿಗೆ ಅದು ಎಲ್ಲೆಡೆಗೂ ಸಮನಾಗಿ ಸೂಸುವ 1000 ವಾಟ್‌ಗೆ ಸಮ. 50 ಮೀಟರ್ ದೂರದ ಗೋಳದ ಮೇಲ್ಮೈ ಸುಮಾರು 31,400 ಚದರ ಮೀಟರ್. ಭಾಗಿಸಿದರೆ ಚದರ ಮೀಟರಿಗೆ 0.032 ವಾಟ್. ಇದನ್ನು 377ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 3.5 ವೋಲ್ಟ್, ಮೀಟರ್ ತೋರಿಸಬೇಕಾದ ಬೆಲೆ. ಪಾರ 4.9. ಅಲ್ಲಿನ B ಒಂದು ಟೆಸ್ಲಾದ ನೂರು ಕೋಟಿಯಲ್ಲಿ ಸುಮಾರು 16 ಪಾಲು. ದಿಕ್ಸೂಚಿ ತಿರುಗಿಸುವ ಭೂಮಿಯ ಕ್ಷೇತ್ರ ಅದಕ್ಕಿಂತ ಎರಡು ಸಾವಿರ ಪಟ್ಟಿಗೂ ಹೆಚ್ಚು. ಇಷ್ಟು ಕ್ಷೀಣವಾಗಿದ್ದರೂ ತರಂಗದ ಶಕ್ತಿಯಲ್ಲಿ ಅರ್ಧ ಪಾಲು ಅದರದೇ.

ಸಭೆಯ ಅಂಕಿಗಳಿಗೆ ಬರೋಣ. ಭಾರತ ಸರ್ಕಾರ 2012ರ ಸೆಪ್ಟೆಂಬರ್ 1ರಿಂದ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಶಿಫಾರಸಿನ ಹತ್ತನೇ ಒಂದಕ್ಕೆ ಇಳಿಸಿತು. 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 4.5 ವಾಟ್ ಇದ್ದದ್ದು 0.45 ಆಯಿತು. ಕ್ಷೇತ್ರದ ಲೆಕ್ಕದಲ್ಲಿ ಮಾತ್ರ 41 ವೋಲ್ಟ್ ಇಳಿದದ್ದು 13ಕ್ಕೆ, 4ಕ್ಕಲ್ಲ. ಶಕ್ತಿಯನ್ನು ಹತ್ತನೇ ಒಂದು ಮಾಡಲು ಕ್ಷೇತ್ರವನ್ನು ಸುಮಾರು ಮೂರನೇ ಒಂದು ಮಾಡಿದರೆ ಸಾಕು. ಇದು ಗೊತ್ತಿಲ್ಲದವರು ಸರ್ಕಾರ ಮೋಸ ಮಾಡಿದೆ ಎನ್ನುವುದೂ ಉಂಟು. ತಾರಸಿಯ 4 ವೋಲ್ಟ್ ನೋಡಿದರೆ 13ರ ಮೂರನೇ ಒಂದರ ಹತ್ತಿರ ಕಾಣುತ್ತದೆ. ಆದರೆ 16ನ್ನು 377ರಿಂದ ಭಾಗಿಸಿದರೆ 0.042 ವಾಟ್, ಅಂದರೆ ಮಿತಿಯ ಹತ್ತನೇ ಒಂದಕ್ಕೂ ಕೊಂಚ ಕಡಿಮೆ. ಬಾಲ್ಕನಿಯ 2 ವೋಲ್ಟ್ ನಲವತ್ತನೇ ಒಂದರ ಆಸುಪಾಸು. ಅತ್ತ, ನಡುಹಗಲಿನ ಬಿಸಿಲಿನಲ್ಲಿ ಚದರ ಮೀಟರಿಗೆ ಸುಮಾರು 1000 ವಾಟ್ ಇರುತ್ತದೆ. ಅದರ ಆರ್‌ಎಂಎಸ್ ಕ್ಷೇತ್ರ 600 ವೋಲ್ಟ್‌ಗೂ ಮೇಲೆ.

ಒಂದಕ್ಕಿಂತ ಹೆಚ್ಚು ಟವರ್ ಇದ್ದಾಗ ಕ್ಷೇತ್ರಗಳನ್ನು ಕೂಡಬಾರದು, ವರ್ಗಗಳನ್ನು ಕೂಡಬೇಕು. ಒಂದರಿಂದ 3, ಇನ್ನೊಂದರಿಂದ 4 ವೋಲ್ಟ್ ಬಂದರೆ ಮೀಟರ್ ತೋರಿಸುವುದು 7 ಅಲ್ಲ, 5. ಬೇರೆ ಬೇರೆ ಆವರ್ತಾಂಕದ ತರಂಗಗಳ ಶಕ್ತಿ ಕೂಡುತ್ತದೆ, ತುಯ್ತಗಳು ಹೊಂದಿಕೊಂಡು ಸಾಗುವುದಿಲ್ಲ.

ಕೋಣೆಯೊಳಗೆ ಅಳೆಯುವಾಗ ಮೀಟರ್ ಹೇಳಿದ್ದನ್ನು ನಂಬುವ ಮೊದಲು ಕೈಯನ್ನು ಒಂದು ಗೇಣು ಅತ್ತಿತ್ತ ಸರಿಸಿ ನೋಡಬೇಕು. ಬೀರುವಿನ ಕಬ್ಬಿಣದ ಬಾಗಿಲಿಗೆ ಬಡಿದು ಮರಳುವ ತರಂಗ, ಬರುವ ತರಂಗದೊಡನೆ ಸೇರಿದರೆ ಕೆಲವೆಡೆ ಕ್ಷೇತ್ರ ದುಪ್ಪಟ್ಟಾಗುತ್ತದೆ, ಕೆಲವೆಡೆ ಸೊನ್ನೆಯ ಹತ್ತಿರ ಬರುತ್ತದೆ. 900 ಮೆಗಾಹರ್ಟ್ಸ್‌ನಲ್ಲಿ ಈ ಏರು ಸುಮಾರು 17 ಸೆಂಟಿಮೀಟರಿಗೊಮ್ಮೆ ಮರುಕಳಿಸುತ್ತದೆ. ಏರಿನ ಜಾಗದಲ್ಲಿ ಸೂತ್ರ ಹಾಕಿದರೆ ತೀವ್ರತೆ ನಾಲ್ಕು ಪಟ್ಟು ಎಂದು ಬರುತ್ತದೆ. ಆದರೆ ಹೋಗುವಷ್ಟೇ ಶಕ್ತಿ ಮರಳಿಯೂ ಬರುತ್ತಿದ್ದರೆ ಪಾಯಿಂಟಿಂಗ್ ಸದಿಶದ ಸರಾಸರಿ ಸೊನ್ನೆ! ಅಲ್ಲಿ E ಇದೆ, B ಇದೆ, ಎರಡೂ ಒಂದೇ ಹೊತ್ತಿಗೆ ಏರಿಳಿಯುತ್ತಿಲ್ಲ. ಆದ್ದರಿಂದ 377ರ ಸೂತ್ರ ಹರಿವನ್ನು ಹೇಳುವುದಿಲ್ಲ. ಗೇಣಿನ ಅಂತರದಲ್ಲಿ ಅಂಕಿ ಮೇಲೆ ಕೆಳಗೆ ಕುಣಿದರೆ ಇದೇ ಕಾರಣವಿರಬಹುದು. ಹಲವು ಜಾಗಗಳಲ್ಲಿ ಅಳೆದು, ವರ್ಗಗಳ ಸರಾಸರಿ ತೆಗೆಯುವುದು ಮೇಲು.

ಆಂಟೆನಾದ ತೀರಾ ಸಮೀಪದಲ್ಲೂ ಇದೇ ಪಾಡು. ಅಲ್ಲಿ ಶಕ್ತಿಯ ಒಂದು ಪಾಲು ಹೊರಕ್ಕೆ ಹರಿಯದೆ ಆಂಟೆನಾದ ಸುತ್ತಲೇ ಹೋಗಿ ಬರುತ್ತಿರುತ್ತದೆ, E ಮತ್ತು B ನಡುವಿನ ಸರಳ ಅನುಪಾತ ಕೆಡುತ್ತದೆ. ಕಿವಿಗೆ ಅಂಟಿಸಿದ ಮೊಬೈಲಿಗೆ ಚದರ ಮೀಟರಿಗೆ ಇಷ್ಟು ವಾಟ್ ಎಂಬ ಮಿತಿ ಹಾಕದಿರುವುದೂ ಈ ಕಾರಣಕ್ಕೇ. ಅಲ್ಲಿ ಅಳೆಯುವುದು ದೇಹ ಹೀರಿಕೊಳ್ಳುವ ಶಕ್ತಿಯನ್ನು: ಭಾರತದಲ್ಲಿ ಅದರ ಮಿತಿ ಕಿಲೋಗ್ರಾಮಿಗೆ 1.6 ವಾಟ್, ಒಂದು ಗ್ರಾಮ್ ಅಂಗಾಂಶದ ಸರಾಸರಿಯಾಗಿ.