ದೂರದೂರಿಗೆ ಒಯ್ಯುವ ಸಿಹಿ: ಯಾವುದು ಉಳಿಯುತ್ತದೆ, ಯಾವುದು ಕೆಡುತ್ತದೆ

ಸಿಹಿತಿಂಡಿ ಎಷ್ಟು ದಿನ ಉಳಿಯುತ್ತದೆ ಎಂಬುದು ಮುಖ್ಯವಾಗಿ ಅದರಲ್ಲಿ ಉಳಿದಿರುವ ನೀರಿನಂಶವನ್ನು ಅವಲಂಬಿಸಿದೆ. ಬೂಸು ಮತ್ತು ಸೂಕ್ಷ್ಮಾಣುಗಳು ಬೆಳೆಯಲು ನೀರು ಬೇಕು. ಸಕ್ಕರೆ, ಬೆಲ್ಲದ ಗಟ್ಟಿ ಪಾಕ ಆ ನೀರನ್ನು ಅವುಗಳಿಗೆ ಸಿಗದಂತೆ ಹಿಡಿದಿಡುತ್ತದೆ. ಹುರಿಯುವುದು, ಬೇಯಿಸಿ ಇಂಗಿಸುವುದು ಅದನ್ನು ಹೊರಹಾಕುತ್ತದೆ. ಹಾಗಾಗಿ ಹೆಸರಿಗಿಂತ ತಯಾರಿಸಿದ ಬಗೆಯನ್ನು ನೋಡಿ ಸಿಹಿಯನ್ನು ಆರಿಸಬೇಕು.

ಹೋಳಿಗೆಯೇ ಇದಕ್ಕೆ ಒಳ್ಳೆಯ ಉದಾಹರಣೆ. ಬೇಳೆ ಹೋಳಿಗೆಯ ಹೂರಣ ಬೆಂದ ಕಡಲೆಬೇಳೆಯದು. ಅದರಲ್ಲಿ ನೀರು ಉಳಿದೇ ಇರುತ್ತದೆ. ಬೇಸಿಗೆಯಲ್ಲಿ ಅದು ಎರಡನೆಯ ದಿನಕ್ಕೇ ಹಳಸಬಹುದು. ಹಸಿ ತೆಂಗಿನಕಾಯಿಯ ಹೋಳಿಗೆಯೂ ಅಷ್ಟೇ. ಉತ್ತರ ಕರ್ನಾಟಕದ ಶೇಂಗಾ ಹೋಳಿಗೆಯ ಹೂರಣವಾದರೋ ಹುರಿದ ಶೇಂಗಾಪುಡಿ ಮತ್ತು ಬೆಲ್ಲದ್ದು. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಗರಿಯಾಗುವಂತೆ ಬೇಯಿಸಿ, ಪೂರ್ತಿ ಆರಿಸಿ ಡಬ್ಬಿಗೆ ತುಂಬಿದರೆ ಎರಡು ವಾರ ಚೆನ್ನಾಗಿಯೇ ಇರುತ್ತದೆ.

ಹುಬ್ಬಳ್ಳಿಯಿಂದ ದೆಹಲಿಯ ನೆಂಟರ ಮನೆಗೆ ಏಪ್ರಿಲ್ ತಿಂಗಳಲ್ಲಿ ರೈಲಿನಲ್ಲಿ ಹೊರಟವರ ಲೆಕ್ಕ ನೋಡೋಣ. ಪ್ರಯಾಣಕ್ಕೆ ಸುಮಾರು ಎರಡು ದಿನ ಬೇಕು, ನೆಂಟರು ತಿಂದು ಮುಗಿಸಲು ಇನ್ನೊಂದು ವಾರ. ಅಂದರೆ ಸಿಹಿ ಸೆಖೆಯಲ್ಲಿ ಒಂಬತ್ತು–ಹತ್ತು ದಿನ ಬಾಳಬೇಕು. ಇಲ್ಲಿ ಮೊದಲ ಆಯ್ಕೆ ಗೋಕಾಕ ಅಥವಾ ಅಮೀನಗಡದ ಕರದಂಟು. ಕರಿದ ಅಂಟು, ಒಣಕೊಬ್ಬರಿ, ಒಣಹಣ್ಣುಗಳನ್ನು ಬೆಲ್ಲದ ಗಟ್ಟಿ ಪಾಕ ಕಟ್ಟಿ ಹಿಡಿದಿರುವುದರಿಂದ ಬೂಸಿಗೆ ಅವಕಾಶ ಕಡಿಮೆ. ತಿಂಗಳ ಹೊತ್ತು ಇಡಬಹುದು. ಶೇಂಗಾ ಹೋಳಿಗೆ, ಗಟ್ಟಿ ಮೈಸೂರು ಪಾಕ್ ಕೂಡ ನಡೆಯುತ್ತವೆ. ಧಾರವಾಡ ಪೇಡಾ ಹಾಲಿನದೇ ಆದರೂ ಖೋವಾವನ್ನು ಕಂದುಬಣ್ಣ ಬರುವವರೆಗೆ ಹುರಿಯುವುದರಿಂದ ಬಿಳಿ ಪೇಡಾಕ್ಕಿಂತ ಒಣಗಿರುತ್ತದೆ. ಹೊರಡುವ ದಿನವೇ ತಾಜಾ ಕೊಂಡರೆ ಒಯ್ಯಬಹುದು, ಆದರೆ ತಲುಪಿದ ಮೇಲೆ ಮೊದಲು ಅದನ್ನೇ ತಿನ್ನಬೇಕು. ಮೆತ್ತಗಿರುವ ಬೆಳಗಾವಿ ಕುಂದಾವನ್ನು ಇಷ್ಟು ದೂರ ಒಯ್ಯದಿರುವುದೇ ಲೇಸು.

ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ದಿನಾಂಕ. ಬಿಡಿಯಾಗಿ ಮಾರುವ ಸಿಹಿಯನ್ನೂ ಯಾವ ದಿನದೊಳಗೆ ತಿನ್ನಬೇಕೆಂದು ಅಂಗಡಿಯವರು ಬರೆದಿಡಬೇಕೆಂಬ ನಿಯಮ 2020ರ ಅಕ್ಟೋಬರ್ 1ರಂದು ಜಾರಿಗೆ ಬಂದಿತ್ತು. ತಯಾರಿಸಿದ ದಿನವನ್ನು ಬರೆಯುವುದು ಅವರ ಇಚ್ಛೆಗೆ ಬಿಟ್ಟದ್ದು. ಆದ್ದರಿಂದ ಅದನ್ನು ಬಾಯಿಬಿಟ್ಟು ಕೇಳಬೇಕು.

ಆಮೇಲೆ ಒಂದು ತುಂಡನ್ನು ಮುರಿದು ನೋಡಬೇಕು. ತಾಜಾ ಪೇಡಾ ಒಳಗೆ ಹದವಾಗಿ ಮೆತ್ತಗಿರುತ್ತದೆ, ಹುರಿದ ಹಾಲಿನ ಪರಿಮಳ ಬರುತ್ತದೆ. ಹಳೆಯದು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ತೇವ ಹಿಡಿದಿದ್ದರೆ ಮೇಲೆ ಹೊರಳಿಸಿದ ಸಕ್ಕರೆ ಕರಗಿ ಅಂಟಂಟಾಗುತ್ತದೆ. ಹುಳಿ ವಾಸನೆ ಬಂದರೆ ಕೆಟ್ಟಿದೆ ಎಂದೇ ಅರ್ಥ. ಹಳಸಿದ ಬೇಳೆ ಹೋಳಿಗೆಯನ್ನು ಮುರಿದಾಗ ಹೂರಣ ಲೋಳೆಯಾಗಿ ನೂಲು ಎಳೆಯುತ್ತದೆ.

ತುಪ್ಪ, ಶೇಂಗಾ, ಕೊಬ್ಬರಿಯ ಸಿಹಿಗಳು ಕೆಡುವ ರೀತಿ ಬೇರೆ. ಅವುಗಳಲ್ಲಿ ಬೂಸು ಕಾಣಿಸುವುದಕ್ಕೆ ಮೊದಲೇ ಗಾಳಿ, ಬೆಳಕು, ಬಿಸಿ ತಾಗಿ ಜಿಡ್ಡು ಕೆಡುತ್ತದೆ. ಆಗ ಬರುವುದೇ ಕಮಟು ವಾಸನೆ. ಕಣ್ಣಿಗೆ ಏನೂ ಕಾಣದಿದ್ದರೂ ಮೂಗಿಗೆ ತಿಳಿಯುತ್ತದೆ. ನಾಲಿಗೆಯ ಹಿಂಬದಿಯಲ್ಲಿ ಕಹಿ ಉಳಿಯುತ್ತದೆ. ಏಲಕ್ಕಿಯ ಘಮ ಇದನ್ನು ಮುಚ್ಚಬಲ್ಲದು, ಅದಕ್ಕೇ ಮೇಲ್ಮೈಯನ್ನಲ್ಲ, ಮುರಿದ ಭಾಗವನ್ನು ಮೂಸಬೇಕು.

ಮೇಲೆ ಬಿಳಿ ಕಂಡದ್ದೆಲ್ಲ ಬೂಸಲ್ಲ. ತಂಪಿಗೆ ಹೆಪ್ಪುಗಟ್ಟಿದ ತುಪ್ಪ ಬೆರಳ ಬಿಸಿಗೆ ಕರಗುತ್ತದೆ. ಹರಳುಗಟ್ಟಿದ ಸಕ್ಕರೆ ಮಿನುಗುತ್ತದೆ, ಒದ್ದೆ ಬೆರಳಿಗೆ ಕರಗುತ್ತದೆ. ನೂಲುನೂಲಾಗಿ, ಚುಕ್ಕೆಚುಕ್ಕೆಯಾಗಿ ಬಿಳಿ, ಹಸಿರು ಅಥವಾ ಕಪ್ಪು ಬಣ್ಣದಲ್ಲಿ ಹಬ್ಬಿ ಮುಗ್ಗಲು ವಾಸನೆ ಬರುವುದು ಬೂಸು. ಮೆತ್ತನೆಯ ಸಿಹಿಯಲ್ಲಿ ಅದರ ಬೇರು ಒಳಗೆ ಇಳಿದಿರುತ್ತದೆ. ಕಂಡಷ್ಟನ್ನು ಕೆರೆದು ಉಳಿದದ್ದನ್ನು ತಿನ್ನಬಾರದು.

ಕಟ್ಟುವಾಗ ಸಿಹಿ ಬಿಸಿಯಾಗಿರಕೂಡದು. ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಸಿಹಿಯ ಮೇಲೆಯೇ ಬೀಳುತ್ತದೆ. ಒಣ ಸಿಹಿ, ಹಾಲಿನ ಸಿಹಿಗಳನ್ನು ಒಂದೇ ಡಬ್ಬಿಗೆ ಹಾಕಿದರೆ ಪೇಡಾದ ತೇವವನ್ನು ಶೇಂಗಾ ಹೋಳಿಗೆ ಹೀರಿ ಮೆತ್ತಗಾಗುತ್ತದೆ. ಎರಡನ್ನೂ ಬೇರೆಬೇರೆ ಗಾಳಿಯಾಡದ ಡಬ್ಬಿಗಳಲ್ಲಿಟ್ಟು, ರೈಲಿನಲ್ಲಿ ಬಿಸಿಲು ಬೀಳುವ ಕಿಟಕಿಯಿಂದ ದೂರ ಇಡಬೇಕು. ಡಬ್ಬಿಯ ಮೇಲೆ ಕೊಂಡ ದಿನಾಂಕವನ್ನೂ ಮೊದಲು ತಿನ್ನಬೇಕಾದದ್ದು ಯಾವುದೆಂಬುದನ್ನೂ ಬರೆದುಕೊಟ್ಟರೆ ಪಡೆದವರಿಗೆ ಊಹಿಸುವ ಕಷ್ಟವಿರುವುದಿಲ್ಲ.