ನಾಲ್ಕು ಸಮೀಕರಣಗಳೊಳಗೆ ಅಡಗಿದ್ದ ಬೆಳಕು

1861ರ ಬೇಸಿಗೆಯಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಠ ಮುಗಿಸಿ ಸ್ಕಾಟ್ಲೆಂಡಿನ ಗ್ಲೆನ್‌ಲೇರ್‌ನಲ್ಲಿದ್ದ ತಮ್ಮ ಮನೆಗೆ ಹೋಗಿದ್ದರು. ಅಲ್ಲಿ ಅವರು ಮಾಡುತ್ತಿದ್ದದ್ದು ವಿದ್ಯುತ್ತು ಮತ್ತು ಕಾಂತತೆಯ ಲೆಕ್ಕ. ಆ ಲೆಕ್ಕದೊಳಗಿಂದ ಒಂದು ವೇಗ ಹೊರಬಿತ್ತು. ಅದು ಎಷ್ಟೆಂದು ತಿಳಿಯಲು ಬೇಕಾದ ಅಳತೆಯನ್ನು ಜರ್ಮನಿಯ ವೆಬರ್ ಮತ್ತು ಕೋಲ್‌ರೌಶ್ ಕೆಲವೇ ವರ್ಷಗಳ ಹಿಂದೆ ಮಾಡಿದ್ದರು. ಲೇಡನ್ ಜಾಡಿಯಲ್ಲಿ ಕೂಡಿಟ್ಟ ವಿದ್ಯುದಾವೇಶವನ್ನು ಮೊದಲು ಅದರ ಸೆಳೆತದಿಂದ ಅಳೆದು, ಆಮೇಲೆ ತಂತಿಯ ಮೂಲಕ ಹರಿಯಬಿಟ್ಟು ಅದರ ಕಾಂತ ಪರಿಣಾಮದಿಂದ ಅಳೆದು, ಎರಡರ ಅನುಪಾತ ತೆಗೆದಿದ್ದರು. ಆ ಅಂಕಿ ಹಳ್ಳಿಯಲ್ಲಿ ಮ್ಯಾಕ್ಸ್‌ವೆಲ್ಲರ ಕೈಗೆ ಸಿಗಲಿಲ್ಲ. ಲಂಡನ್ನಿಗೆ ಮರಳಿದ ಮೇಲೆ ನೋಡಿದರು: ಸೆಕೆಂಡಿಗೆ ಸುಮಾರು 3,10,740 ಕಿಲೋಮೀಟರ್. ಫ್ರಾನ್ಸಿನ ಫಿಜೋ 1849ರಲ್ಲಿ ತಿರುಗುವ ಹಲ್ಲಿನ ಚಕ್ರ ಬಳಸಿ ಅಳೆದಿದ್ದ ಬೆಳಕಿನ ವೇಗ ಸುಮಾರು 3,15,000 ಕಿಲೋಮೀಟರ್.

ಜಾಡಿ, ತಂತಿ, ಸೂಜಿಗಳ ಪ್ರಯೋಗದಲ್ಲಿ ಬೆಳಕಿನ ಪಾತ್ರವೇ ಇರಲಿಲ್ಲ. ಆದರೂ ಬಂದದ್ದು ಬೆಳಕಿನ ವೇಗ. 1861ರಲ್ಲಿ ಮ್ಯಾಕ್ಸ್‌ವೆಲ್ ಈ ಮಾತಿಗೆ ಬಂದದ್ದು ಸುಳಿಗಳಿಂದ ತುಂಬಿದ ಒಂದು ಯಾಂತ್ರಿಕ ಮಾದರಿಯ ಮೂಲಕ. 1865ರ ಪ್ರಬಂಧದಲ್ಲಿ ಆ ಮಾದರಿಯನ್ನು ಬದಿಗಿಟ್ಟು ನೇರವಾಗಿ ಸಮೀಕರಣಗಳಿಂದಲೇ ಅಲೆಯನ್ನು ತೆಗೆದರು. ಆಗ ಅವರ ಬಳಿ ಇಪ್ಪತ್ತು ಸಮೀಕರಣಗಳಿದ್ದವು. ಅವನ್ನು ಇಂದು ನಾವು ಓದುವ ನಾಲ್ಕಕ್ಕೆ ಇಳಿಸಿದ ಕೆಲಸ 1880ರ ದಶಕದಲ್ಲಿ ಮುಖ್ಯವಾಗಿ ಆಲಿವರ್ ಹೆವಿಸೈಡ್ ಅವರದು. ಆ ನಾಲ್ಕನ್ನು ಹಿಡಿದು ನಾವೂ ಅದೇ ದಾರಿಯಲ್ಲಿ ನಡೆಯಬಹುದು. ಕಾಗದದಲ್ಲಿ ಅದು ಐದಾರು ಸಾಲು, ಅಷ್ಟೆ.

ನಿರ್ವಾತದಲ್ಲಿ, ಅಂದರೆ ಆವೇಶವಾಗಲಿ ವಿದ್ಯುತ್ ಪ್ರವಾಹವಾಗಲಿ ಇಲ್ಲದ ಬರಿದಾದ ಜಾಗದಲ್ಲಿ, ಆ ನಾಲ್ಕು ಸಮೀಕರಣಗಳು ಹೀಗಿರುತ್ತವೆ:

∇·E = 0

∇·B = 0

∇×E = −∂B/∂t

∇×B = μ₀ε₀ ∂E/∂t

E ಎಂಬುದು ವಿದ್ಯುತ್ ಕ್ಷೇತ್ರ, B ಎಂಬುದು ಕಾಂತ ಕ್ಷೇತ್ರ. ಚುಕ್ಕಿ ಇರುವ ಮೊದಲೆರಡು ಸಾಲುಗಳಲ್ಲಿರುವುದು ಡೈವರ್ಜೆನ್ಸ್: ಒಂದು ಬಿಂದುವಿನಿಂದ ಕ್ಷೇತ್ರ ಎಷ್ಟು ಹೊರಚಿಮ್ಮುತ್ತಿದೆ ಎಂಬುದರ ಅಳತೆ. ವಿದ್ಯುತ್ ಕ್ಷೇತ್ರ ಹೊರಚಿಮ್ಮುವುದು ಆವೇಶದಿಂದ. ಇಲ್ಲಿ ಆವೇಶವಿಲ್ಲ, ಹಾಗಾಗಿ ಸೊನ್ನೆ. ಗುಣಾಕಾರದ ಗುರುತಿರುವ ಕೊನೆಯೆರಡು ಸಾಲುಗಳಲ್ಲಿರುವುದು ಕರ್ಲ್. ಕಾಲುವೆಯ ನೀರಿನಲ್ಲಿ ಪುಟ್ಟದೊಂದು ಚಕ್ರ ಇಟ್ಟರೆ, ಅದರ ಒಂದು ಬದಿಯಲ್ಲಿ ನೀರು ಜೋರಾಗಿ, ಇನ್ನೊಂದು ಬದಿಯಲ್ಲಿ ನಿಧಾನವಾಗಿ ಹರಿದಾಗ ಚಕ್ರ ತಿರುಗುತ್ತದಲ್ಲ, ಹಾಗೆ ತಿರುಗಿಸುವ ಗುಣ ಕ್ಷೇತ್ರಕ್ಕೆ ಆ ಬಿಂದುವಿನಲ್ಲಿ ಎಷ್ಟಿದೆ ಎಂದು ಕರ್ಲ್ ಹೇಳುತ್ತದೆ. ಮೂರನೆಯ ಸಾಲು ಫ್ಯಾರಡೆ ಕಂಡ ನಿಯಮ: ಕಾಂತ ಕ್ಷೇತ್ರ ಬದಲಾಗುತ್ತಿದ್ದರೆ ಅದರ ಸುತ್ತ ವಿದ್ಯುತ್ ಕ್ಷೇತ್ರ ಸುತ್ತುತ್ತದೆ. ಡೈನಮೋ ನಡೆಯುವುದು ಇದರಿಂದಲೇ.

ನಾಲ್ಕನೆಯ ಸಾಲಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಆಂಪಿಯರ್ ಕೊಟ್ಟಿದ್ದ ನಿಯಮದ ಪ್ರಕಾರ ಕಾಂತ ಕ್ಷೇತ್ರ ಸುತ್ತುವುದು ವಿದ್ಯುತ್ ಪ್ರವಾಹದ ಸುತ್ತ ಮಾತ್ರ. ಕೆಪಾಸಿಟರ್ ಒಂದನ್ನು ಚಾರ್ಜ್ ಮಾಡುವಾಗ ಈ ನಿಯಮ ಎಡವುತ್ತದೆ. ತಂತಿಯಲ್ಲಿ ಪ್ರವಾಹವಿದೆ, ಎರಡು ತಟ್ಟೆಗಳ ನಡುವಿನ ಖಾಲಿ ಜಾಗದಲ್ಲಿ ಇಲ್ಲ. ತಂತಿಯ ಸುತ್ತ ಒಂದು ಉಂಗುರ ಬರೆದು, ಆ ಉಂಗುರಕ್ಕೆ ಪೊರೆಯೊಂದನ್ನು ಕಟ್ಟಿದೆವೆಂದುಕೊಳ್ಳಿ. ಪೊರೆ ತಂತಿಯನ್ನು ಅಡ್ಡ ಕತ್ತರಿಸಿದರೆ ಅದರ ಮೂಲಕ ಪ್ರವಾಹ ಹಾಯುತ್ತದೆ. ಅದೇ ಪೊರೆಯನ್ನು ಉಬ್ಬಿಸಿ ತಟ್ಟೆಗಳ ನಡುವೆ ಹಾಯಿಸಿದರೆ ಪ್ರವಾಹ ಸೊನ್ನೆ. ಉಂಗುರ ಒಂದೇ, ಉತ್ತರ ಎರಡು. ತಟ್ಟೆಗಳ ನಡುವೆ ಪ್ರವಾಹ ಇಲ್ಲದಿದ್ದರೂ ವಿದ್ಯುತ್ ಕ್ಷೇತ್ರ ಕ್ಷಣಕ್ಷಣಕ್ಕೂ ಏರುತ್ತಿರುತ್ತದೆ. ಆ ಏರಿಕೆಯ ದರವೂ ಪ್ರವಾಹದಂತೆಯೇ ಲೆಕ್ಕಕ್ಕೆ ಬರಬೇಕು ಎಂದು ಮ್ಯಾಕ್ಸ್‌ವೆಲ್ ಸೇರಿಸಿದ ಪದವೇ μ₀ε₀ ∂E/∂t. ಇದನ್ನು ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ಎನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ಲೆಕ್ಕದ ಜೀವ ಇರುವುದು ಇಲ್ಲಿ. ಯಾಕೆಂಬುದು ಇನ್ನು ನಾಲ್ಕು ಹೆಜ್ಜೆಯಲ್ಲಿ ಕಾಣುತ್ತದೆ.

ಈಗ ನಮ್ಮ ತೊಡಕು ಏನೆಂದರೆ, ಮೂರನೆಯ ಸಾಲಿನಲ್ಲೂ ನಾಲ್ಕನೆಯ ಸಾಲಿನಲ್ಲೂ E ಮತ್ತು B ಒಂದಕ್ಕೊಂದು ಹೆಣೆದುಕೊಂಡಿವೆ. ನಮಗೆ E ಒಂದೇ ಇರುವ ಸಮೀಕರಣ ಬೇಕು. ಹೈಸ್ಕೂಲಿನಲ್ಲಿ x ಮತ್ತು y ಇರುವ ಎರಡು ಸಮೀಕರಣಗಳಿಂದ y ಅನ್ನು ಕಳೆದು x ಕಂಡುಹಿಡಿಯುತ್ತಿದ್ದೆವು. ಇಲ್ಲಿ ಕಳೆಯಬೇಕಾದದ್ದು B. ನಾಲ್ಕನೆಯ ಸಾಲು B ಯ ಕರ್ಲ್ ಎಷ್ಟೆಂದು ಹೇಳುತ್ತದೆ. ಮೂರನೆಯದರಲ್ಲಿ ಇರುವುದು ಬರೀ B. ಆದ್ದರಿಂದ ಮೂರನೆಯ ಸಾಲಿನ ಎರಡೂ ಬದಿಗೆ ಕರ್ಲ್ ತೆಗೆಯಬೇಕು:

∇×(∇×E) = −∂(∇×B)/∂t

ಬಲಬದಿಯಲ್ಲಿ ಕಾಲದ ಅವಕಲನ ಮತ್ತು ಜಾಗದ ಅವಕಲನ ಎರಡರ ಸರದಿಯನ್ನು ಅದಲುಬದಲು ಮಾಡಿದ್ದೇವೆ. ಅವು ಬೇರೆ ಬೇರೆ ಚರಗಳಾದ್ದರಿಂದ ತೊಂದರೆಯಿಲ್ಲ. ಈಗ ∇×B ಇರುವಲ್ಲಿ ನಾಲ್ಕನೆಯ ಸಾಲನ್ನು ತಂದಿಟ್ಟರೆ B ಪೂರ್ತಿ ಮಾಯ:

∇×(∇×E) = −μ₀ε₀ ∂²E/∂t²

ಎಡಬದಿಗೆ ಯಾವ ಕ್ಷೇತ್ರಕ್ಕೂ ಒಪ್ಪುವ ಗಣಿತದ ಒಂದು ಸೂತ್ರವಿದೆ:

∇×(∇×E) = ∇(∇·E) − ∇²E

ಮೊದಲನೆಯ ಸಾಲು ಇಲ್ಲಿಯವರೆಗೆ ಸುಮ್ಮನಿತ್ತು. ಈಗ ಅದರ ಕೆಲಸ. ನಿರ್ವಾತದಲ್ಲಿ ∇·E ಎಲ್ಲೆಡೆಯೂ ಸೊನ್ನೆ, ಹಾಗಾಗಿ ∇(∇·E) ಕೂಡ ಸೊನ್ನೆ. ಉಳಿದದ್ದು −∇²E. ಎರಡೂ ಬದಿಯ ಋಣ ಚಿಹ್ನೆ ತೆಗೆದರೆ:

∇²E = μ₀ε₀ ∂²E/∂t²

ಇದೇ ತರಂಗ ಸಮೀಕರಣ. ಎಡಬದಿ ಕ್ಷೇತ್ರ ಜಾಗದಲ್ಲಿ ಹೇಗೆ ಬಾಗಿದೆ ಎನ್ನುತ್ತದೆ, ಬಲಬದಿ ಕಾಲದಲ್ಲಿ ಅದರ ವೇಗೋತ್ಕರ್ಷ ಎಷ್ಟು ಎನ್ನುತ್ತದೆ. ತಂತಿವಾದ್ಯದ ತಂತಿಗೂ ಗಾಳಿಯಲ್ಲಿನ ಸದ್ದಿಗೂ ಇದೇ ರೂಪದ ಸಮೀಕರಣ. ಅವುಗಳಲ್ಲಿ ಎರಡನೆಯ ಕಾಲ ಅವಕಲನದ ಮುಂದೆ 1/v² ಇರುತ್ತದೆ, v ಎಂದರೆ ಅಲೆಯ ವೇಗ. ಆ ಜಾಗದಲ್ಲಿ ಇಲ್ಲಿ ಕೂತಿರುವುದು μ₀ε₀. ಹಾಗಾದರೆ v = 1/√(μ₀ε₀).

μ₀ ಸುಮಾರು 1.257×10⁻⁶, ε₀ ಸುಮಾರು 8.854×10⁻¹². ಗುಣಿಸಿದರೆ 1.113×10⁻¹⁷, ವರ್ಗಮೂಲ 3.336×10⁻⁹, ಅದರ ವಿಲೋಮ 2.998×10⁸. ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್.

ಒಂದು ಎಚ್ಚರಿಕೆ ಹೇಳಲೇಬೇಕು. ಇಂದಿನ ಪಟ್ಟಿಯಿಂದ ಈ ಎರಡು ಅಂಕಿಗಳನ್ನು ತೆಗೆದು ಗುಣಿಸಿ ಬೆಳಕಿನ ವೇಗ ಬಂತು ಎಂದರೆ ಅದು ಸುತ್ತು ದಾರಿ. 1983ರಿಂದ ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್ ಎಂದು ನಿಗದಿಯಾಗಿದೆ. ಪಟ್ಟಿಯಲ್ಲಿರುವ ε₀ ಅನ್ನು ಅದರಿಂದಲೇ ಲೆಕ್ಕ ಹಾಕುತ್ತಾರೆ. ನಿಜವಾದ ಪುರಾವೆ ಇರುವುದು ಬೆಳಕನ್ನು ಮುಟ್ಟದೆಯೇ ಮಾಡಿದ ಹಳೆಯ ಅಳತೆಗಳಲ್ಲಿ. 1907ರಲ್ಲಿ ಅಮೆರಿಕದ ರೋಸಾ ಮತ್ತು ಡಾರ್ಸಿ ಕೆಪಾಸಿಟರ್‌ಗಳ ಉದ್ದಗಲಗಳನ್ನು ಅತಿ ನಿಖರವಾಗಿ ಅಳೆದು ಧಾರಣೆಯನ್ನು ಲೆಕ್ಕ ಹಾಕಿದರು. ಅದೇ ಧಾರಣೆಯನ್ನು ವಿದ್ಯುತ್ ಮಂಡಲದಲ್ಲಿಟ್ಟೂ ಅಳೆದರು. ಎರಡನ್ನೂ ಹೋಲಿಸಿದಾಗ ಬಂದದ್ದು ಸೆಕೆಂಡಿಗೆ ಸುಮಾರು 2,99,700 ಕಿಲೋಮೀಟರ್.

ಮ್ಯಾಕ್ಸ್‌ವೆಲ್ ಸೇರಿಸಿದ ಆ ಪದ ಇಲ್ಲದಿದ್ದರೆ? ನಾಲ್ಕನೆಯ ಸಾಲು ∇×B = 0 ಎಂದಾಗುತ್ತಿತ್ತು. ಅದೇ ಹೆಜ್ಜೆಗಳನ್ನು ಹಾಕಿದರೆ ಸಿಗುವುದು ∇²E = 0. ಅದರಲ್ಲಿ ಕಾಲದ ಹೆಸರೇ ಇಲ್ಲ, ಅಲೆ ಹೊರಡುವ ಮಾತಂತೂ ಇಲ್ಲ.

ಚಿಹ್ನೆಯಲ್ಲಿ ತಪ್ಪಾದರೂ ಲೆಕ್ಕವೇ ಹೇಳಿಬಿಡುತ್ತದೆ. ಫ್ಯಾರಡೆಯ ಸಾಲಿನ ಋಣ ಚಿಹ್ನೆ ಬರೆಯಲು ಮರೆತೆವೆಂದುಕೊಳ್ಳಿ. ಕೊನೆಗೆ ∇²E = −μ₀ε₀ ∂²E/∂t² ಎಂದು ಬರುತ್ತದೆ. ಜಾಗದಲ್ಲಿ ಏರಿಳಿಯುವ ಕ್ಷೇತ್ರವನ್ನು ಇದರೊಳಗೆ ಹಾಕಿ ನೋಡಿದರೆ ಅದು ಅಲೆಯಾಗಿ ಮುಂದೆ ಸಾಗುವ ಬದಲು ಇದ್ದಲ್ಲೇ ಕ್ಷಣಕ್ಷಣಕ್ಕೂ ಮಿತಿಯಿಲ್ಲದೆ ಬೆಳೆಯುತ್ತದೆ. ಬರಿಯ ಜಾಗದಲ್ಲಿ ಕ್ಷೇತ್ರ ತಾನೇ ಉಬ್ಬುತ್ತಿದೆ ಎಂದು ಉತ್ತರ ಬಂದರೆ ಹಿಂದಕ್ಕೆ ಹೋಗಿ ಆ ಚಿಹ್ನೆಯನ್ನು ಹುಡುಕಬೇಕು.

ಈಗ ನಿಜವಾದ ಒಂದು ಅಲೆಯನ್ನು ಹಾಕಿ ನೋಡೋಣ. ಬೆಂಗಳೂರಿನಲ್ಲಿ ಆಕಾಶವಾಣಿಯ ಎಫ್‌ಎಂ ರೇನ್‌ಬೋ ಕೇಳಿಸುವುದು 101.3 ಮೆಗಾಹರ್ಟ್ಸ್‌ನಲ್ಲಿ. ಗಾಳಿ ನಿರ್ವಾತವಲ್ಲ, ಆದರೆ ಅದರಲ್ಲಿ ಅಲೆಯ ವೇಗಕ್ಕಾಗುವ ವ್ಯತ್ಯಾಸ ಹತ್ತು ಸಾವಿರದಲ್ಲಿ ಮೂರು ಪಾಲು ಮಾತ್ರ, ಬಿಟ್ಟುಬಿಡಬಹುದು. ಅಲೆ x ದಿಕ್ಕಿಗೆ ಸಾಗುತ್ತಿದೆ, ವಿದ್ಯುತ್ ಕ್ಷೇತ್ರ y ದಿಕ್ಕಿನಲ್ಲಿ ತೂಗುತ್ತಿದೆ ಎನ್ನೋಣ:

E_y = E₀ cos(kx − ωt)

x ನಲ್ಲಿ ಎರಡು ಬಾರಿ ಅವಕಲಿಸಿದರೆ −k²E_y, t ಯಲ್ಲಿ ಎರಡು ಬಾರಿ ಅವಕಲಿಸಿದರೆ −ω²E_y. ಸಮೀಕರಣ ಕೂಡಬೇಕಾದರೆ k² = μ₀ε₀ω² ಆಗಬೇಕು, ಅಂದರೆ ω/k ಬೆಳಕಿನ ವೇಗವೇ. ಆ ವೇಗವನ್ನು ಸೆಕೆಂಡಿಗೆ 10.13 ಕೋಟಿ ಆಂದೋಲನಗಳಿಂದ ಭಾಗಿಸಿದರೆ ಅಲೆಯ ಉದ್ದ 2.96 ಮೀಟರ್.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವವರು ಒಂದು ವಿಷಯ ಮರೆಯುತ್ತಾರೆ. ಅದೇ ಕ್ಷೇತ್ರವನ್ನು ಅಲೆ ಸಾಗುವ ದಿಕ್ಕಿನಲ್ಲೇ, ಅಂದರೆ x ದಿಕ್ಕಿನಲ್ಲೇ ತೂಗಲು ಬಿಡಿ: E_x = E₀ cos(kx − ωt). ತರಂಗ ಸಮೀಕರಣ ಇದನ್ನೂ ತಕರಾರಿಲ್ಲದೆ ಒಪ್ಪುತ್ತದೆ. ಆದರೆ ಇದರ ಡೈವರ್ಜೆನ್ಸ್ −kE₀ sin(kx − ωt), ಸೊನ್ನೆಯಲ್ಲ. ಮೊದಲನೆಯ ಸಾಲು ಇದನ್ನು ಹೊರಗಿಡುತ್ತದೆ. B ಯನ್ನು ಕಳೆಯುವ ಭರದಲ್ಲಿ ನಾವು ನಾಲ್ಕು ಸಾಲುಗಳಲ್ಲಿದ್ದ ಒಂದಷ್ಟು ಮಾಹಿತಿಯನ್ನೂ ಕಳೆದುಕೊಂಡಿರುತ್ತೇವೆ. ಆದ್ದರಿಂದ ತರಂಗ ಸಮೀಕರಣಕ್ಕೆ ಸಿಕ್ಕ ಪ್ರತಿ ಉತ್ತರವನ್ನೂ ಮತ್ತೆ ಆ ನಾಲ್ಕರ ಮುಂದೆ ನಿಲ್ಲಿಸಿ ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸಿದಾಗ ಉಳಿಯುವುದು ಸಾಗುವ ದಿಕ್ಕಿಗೆ ಅಡ್ಡಲಾಗಿ ತೂಗುವ ಅಲೆಗಳು ಮಾತ್ರ.

ಮೊದಲಿನ E_y ಅನ್ನು ಫ್ಯಾರಡೆಯ ಸಾಲಿನಲ್ಲಿ ಹಾಕಿದರೆ ಕಳೆದುಹೋಗಿದ್ದ B ಕೂಡ ಮರಳಿ ಸಿಗುತ್ತದೆ. ಅದು z ದಿಕ್ಕಿನಲ್ಲಿದೆ, E ಜೊತೆಗೇ ಏರುತ್ತದೆ, ಜೊತೆಗೇ ಇಳಿಯುತ್ತದೆ, ಅದರ ಗಾತ್ರ E₀/c. ನಿಮ್ಮ ರೇಡಿಯೋ ಇರುವಲ್ಲಿ E₀ ಮೀಟರಿಗೆ 0.01 ವೋಲ್ಟ್ ಇದೆಯೆಂದು ಇಟ್ಟುಕೊಂಡರೆ, ಕಾಂತ ಕ್ಷೇತ್ರ 3.3×10⁻¹¹ ಟೆಸ್ಲಾ. ಅದೇ ಜಾಗದಲ್ಲಿ ದಿಕ್ಸೂಚಿಯನ್ನು ತಿರುಗಿಸುವ ಭೂಮಿಯ ಕಾಂತ ಕ್ಷೇತ್ರ ಇದರ ಹತ್ತು ಲಕ್ಷ ಪಟ್ಟಿಗೂ ಹೆಚ್ಚು. ಆದರೆ ಅದು ಸ್ಥಿರವಾಗಿ ನಿಂತಿರುತ್ತದೆ. ರೇಡಿಯೋ ಅಲೆಯ ಕ್ಷೇತ್ರ ಸೆಕೆಂಡಿಗೆ ಹತ್ತು ಕೋಟಿ ಬಾರಿ ಬದಲಾಗುವುದರಿಂದಲೇ ಏರಿಯಲ್‌ಗೆ ಸಿಕ್ಕಿಬೀಳುತ್ತದೆ.